ಆ 36 ಲೀಟರ್ ಎಲ್ಲಿಂದ ಬಂತು?

ಏಳನೇ ತರಗತಿಯ ಎರಡು ಗುಂಪುಗಳನ್ನು ಕಲ್ಪಿಸಿಕೊಳ್ಳೋಣ. ಎರಡಕ್ಕೂ ಕೊಟ್ಟ ವಿಷಯ ಒಂದೇ: ನಮ್ಮ ಶಾಲೆಯ ನೀರು. ಮೊದಲ ಗುಂಪು ಥರ್ಮೋಕೋಲಿನ ಭೂಗೋಳ ಮಾಡಿ ತಂದಿದೆ. ನೀಲಿ ಬಣ್ಣದ ಚಾರ್ಟಿನ ಮೇಲೆ ಮಿನುಗುವ ಅಕ್ಷರಗಳಲ್ಲಿ ನೀರು ಉಳಿಸಿ ಎಂಬ ಘೋಷಣೆ ಇದೆ. ಮುಂದೆ ನಿಂತ ಹುಡುಗ ಭೂಮಿಯ ನೀರಿನಲ್ಲಿ ಶೇ. 97ರಷ್ಟು ಉಪ್ಪುನೀರು ಎಂದು ಎಲ್ಲೂ ತಡವರಿಸದೆ ಹೇಳುತ್ತಾನೆ. ಉಳಿದ ನಾಲ್ವರು ಚಾರ್ಟಿನ ಮೂಲೆಗಳನ್ನು ಹಿಡಿದು ನಿಂತಿದ್ದಾರೆ. ಎರಡನೇ ಗುಂಪಿನ ಕೈಯಲ್ಲಿರುವುದು ನೋಟ್‌ಬುಕ್ಕಿನಿಂದ ಹರಿದ ನಾಲ್ಕು ಹಾಳೆ. ಕೈತೊಳೆಯುವ ತೊಟ್ಟಿಯ ಮೇಲಿನ ಮೂರು ನಲ್ಲಿಗಳು ತೊಟ್ಟಿಕ್ಕುವುದನ್ನು ಅವರು ಮೂರು ದಿನ, ದಿನಕ್ಕೊಮ್ಮೆ ಹತ್ತು ನಿಮಿಷ, ಬಾಟಲಿಯಲ್ಲಿ ಹಿಡಿದು ಅಳೆದಿದ್ದಾರೆ. ಮೂರೂ ನಲ್ಲಿಗಳದ್ದು ಸೇರಿ ಸೋಮವಾರ 240 ಮಿಲಿಲೀಟರ್, ಮಂಗಳವಾರ 230, ಬುಧವಾರ 280. ಸರಾಸರಿ 250. ಅಂದರೆ ಗಂಟೆಗೆ ಒಂದೂವರೆ ಲೀಟರ್, ದಿನಕ್ಕೆ 36 ಲೀಟರ್. ಇಷ್ಟನ್ನು ಹೇಳುವಷ್ಟರಲ್ಲಿ ಇಬ್ಬರ ಮಾತು ಮಧ್ಯದಲ್ಲಿ ನಿಲ್ಲುತ್ತದೆ, ಒಬ್ಬಳು ತಲೆ ಎತ್ತುವುದೇ ಇಲ್ಲ. ಈಗ ಶಿಕ್ಷಕರು ಅಂಕ ಕೊಡಬೇಕು. ಯಾವ ಗುಂಪಿಗೆ ಹೆಚ್ಚು ಬರುತ್ತದೆ ಎಂಬುದು ಮಕ್ಕಳ ಕೆಲಸಕ್ಕಿಂತ ಹೆಚ್ಚಾಗಿ ಶಿಕ್ಷಕರ ಕೈಯಲ್ಲಿರುವ ರೂಬ್ರಿಕ್ಸ್ ಹಾಳೆಯಲ್ಲಿ ಯಾವ ಸಾಲುಗಳಿವೆ ಎಂಬುದನ್ನು ಅವಲಂಬಿಸಿದೆ.

ಸಾಮಾನ್ಯವಾಗಿ ಬಳಕೆಯಲ್ಲಿರುವ ಹಾಳೆಯಲ್ಲಿ ನಾಲ್ಕು ಸಾಲುಗಳಿರುತ್ತವೆ: ವಿಷಯ ಸಂಗ್ರಹ, ಚಾರ್ಟ್ ಅಥವಾ ಮಾದರಿ, ಮಂಡನೆಯ ಭಾಷೆ, ಗುಂಪಿನ ಸಹಕಾರ. ಒಂದೊಂದಕ್ಕೆ 5ರಂತೆ ಒಟ್ಟು 20. ಪ್ರತಿ ಸಾಲಿನ ಮುಂದೆ ಅತ್ಯುತ್ತಮ, ಉತ್ತಮ, ಸಾಧಾರಣ ಎಂಬ ಪದಗಳು. ಈ ಹಾಳೆ ಹಿಡಿದು ಕೂತರೆ ಮೊದಲ ಗುಂಪಿಗೆ 18, ಎರಡನೆಯದಕ್ಕೆ 12 ಬಂದರೆ ಅಚ್ಚರಿಯಿಲ್ಲ. ಅಂಕ ಕೊಟ್ಟವರು ಅನ್ಯಾಯ ಮಾಡಿದರು ಎನ್ನಲೂ ಆಗದು. ಹಾಳೆ ಕೇಳಿದ್ದಕ್ಕೆ ಅವರು ಪ್ರಾಮಾಣಿಕವಾಗಿಯೇ ಉತ್ತರಿಸಿದ್ದಾರೆ. ತಪ್ಪು ಹಾಳೆಯದ್ದು. ಪರಿಸರ ಅಧ್ಯಯನದ ಗುಂಪು ಯೋಜನೆಯಲ್ಲಿ ಅಳೆಯಬೇಕಾದ ಮುಖ್ಯ ಸಂಗತಿ ಮಕ್ಕಳು ಕಂಡದ್ದಕ್ಕೂ ಅವರು ಹೇಳಿದ್ದಕ್ಕೂ ಇರುವ ಸಂಬಂಧ. ಈ ಸಂಬಂಧಕ್ಕೆ ಹಾಳೆಯಲ್ಲಿ ಜಾಗವಿಲ್ಲದಿದ್ದರೆ ಉಳಿದ ಸಾಲುಗಳೆಲ್ಲ ಸೇರಿ ಅಳೆಯುವುದು ಮನೆಯಲ್ಲಿ ಚಾರ್ಟ್ ಮಾಡಿಕೊಡುವವರು ಇದ್ದಾರೆಯೇ ಎಂಬುದನ್ನು ಮಾತ್ರ. ಕರ್ನಾಟಕದ ಶಾಲೆಗಳಲ್ಲಿ ಐದನೇ ತರಗತಿಯವರೆಗೆ ಒಂದೇ ವಿಷಯವಾಗಿರುವ ಪರಿಸರ ಅಧ್ಯಯನ ಆರನೇ ತರಗತಿಯಿಂದ ವಿಜ್ಞಾನ, ಸಮಾಜ ವಿಜ್ಞಾನಗಳಲ್ಲಿ ಹಂಚಿಹೋಗುತ್ತದೆ. ಆಮೇಲೆ ಹಿರಿಯ ಪ್ರಾಥಮಿಕದ ಮಕ್ಕಳು ತಮ್ಮ ಊರಿನ ನೀರನ್ನೋ ಕಸವನ್ನೋ ಕೆರೆಯನ್ನೋ ಇಡಿಯಾಗಿ ನೋಡಲು ಸಿಗುವ ಅವಕಾಶಗಳಲ್ಲಿ ಇಂಥ ಯೋಜನೆಯೇ ದೊಡ್ಡದು. ಅದರ ಅಂಕ ಭೂಗೋಳದ ಬಣ್ಣಕ್ಕೆ ಹೋದರೆ ಮುಂದಿನ ಸಲ ಮಕ್ಕಳು ನಲ್ಲಿಯ ಹತ್ತಿರ ಹೋಗುವುದಿಲ್ಲ, ಸ್ಟೇಷನರಿ ಅಂಗಡಿಗೆ ಹೋಗುತ್ತಾರೆ.

ರೂಬ್ರಿಕ್ಸ್ ಬಗ್ಗೆ ನಮ್ಮಲ್ಲಿರುವ ನಂಬಿಕೆ ಒಂದು ಗೊಂದಲದ ಮೇಲೆ ನಿಂತಿದೆ. ಸಾಲು, ಮಟ್ಟ, ಅಂಕ ಎಲ್ಲವನ್ನೂ ಬರೆದಿಟ್ಟರೆ ಮೌಲ್ಯಮಾಪನ ವಸ್ತುನಿಷ್ಠವಾಯಿತು ಎಂದುಕೊಳ್ಳುತ್ತೇವೆ. ಆಂಡರ್ಸ್ ಜಾನ್ಸನ್ ಮತ್ತು ಗುನಿಲ್ಲಾ ಸ್ವಿಂಗ್‌ಬಿ ಎಂಬ ಸ್ವೀಡನ್ನಿನ ಸಂಶೋಧಕರು 2007ರಲ್ಲಿ ರೂಬ್ರಿಕ್ಸ್ ಕುರಿತ 75 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು. ಸಾಲುಸಾಲಾಗಿ ಬಿಡಿಸಿ ಬರೆದ, ಆ ವಿಷಯಕ್ಕೆಂದೇ ಮಾಡಿದ ರೂಬ್ರಿಕ್ಸ್ ಇದ್ದು, ಜೊತೆಗೆ ಮಾದರಿ ಉತ್ತರಗಳೂ ತರಬೇತಿಯೂ ಇದ್ದರೆ ಬೇರೆ ಬೇರೆ ಶಿಕ್ಷಕರು ಕೊಡುವ ಅಂಕ ಹೆಚ್ಚು ಹೊಂದಿಕೆಯಾಗುತ್ತದೆ ಎಂದು ಅವರಿಗೆ ಕಂಡಿತು. ಆದರೆ ಅಳೆಯಬೇಕಾದ್ದನ್ನೇ ಅಳೆಯುತ್ತಿದ್ದೇವೆ ಎಂಬ ಖಾತ್ರಿ ರೂಬ್ರಿಕ್ಸ್ ಇದ್ದ ಮಾತ್ರಕ್ಕೆ ಸಿಗುವುದಿಲ್ಲ ಎಂಬುದೂ ಅವರ ತೀರ್ಮಾನ. ತೂಕ ತಪ್ಪಿದ ತಕ್ಕಡಿಯಲ್ಲಿ ಹತ್ತು ಜನ ತೂಗಿದರೂ ಒಂದೇ ಲೆಕ್ಕ ಬರುತ್ತದೆ, ತಪ್ಪು ಲೆಕ್ಕ. ಮೊದಲ ಗುಂಪಿಗೆ ಮೂವರು ಶಿಕ್ಷಕರು ಮಾತಾಡಿಕೊಳ್ಳದೆಯೇ 18 ಕೊಟ್ಟರೆ ಅದರಿಂದ ಆ ಅಂಕ ಸರಿಯಾದದ್ದು ಎಂದಾಗುವುದಿಲ್ಲ. ಮೂವರ ಕಣ್ಣೂ ಥರ್ಮೋಕೋಲಿನ ಮೇಲೆಯೇ ಇತ್ತು ಎಂದು ಮಾತ್ರ ತಿಳಿಯುತ್ತದೆ.

ಹಳೆಯ ಹಾಳೆಯ ಇನ್ನೊಂದು ದೋಷ, ಒಂದು ಸಾಲಿನ ಅಂಕ ಇನ್ನೊಂದಕ್ಕೆ ಹರಿಯುವುದು. ಎಡ್ವರ್ಡ್ ಥಾರ್ನ್‌ಡೈಕ್ 1920ರಲ್ಲೇ ಇದನ್ನು ಗುರುತಿಸಿದ್ದರು. ಸೇನೆಯ ಅಧಿಕಾರಿಗಳು ತಮ್ಮ ಕೈಕೆಳಗಿನವರ ಮೈಕಟ್ಟು, ಬುದ್ಧಿ, ನಾಯಕತ್ವಗಳಿಗೆ ಬೇರೆ ಬೇರೆಯಾಗಿ ಅಂಕ ಕೊಟ್ಟಾಗ ಒಂದರಲ್ಲಿ ಹೆಚ್ಚು ಪಡೆದವನು ಉಳಿದವುಗಳಲ್ಲೂ ಹೆಚ್ಚು ಪಡೆಯುತ್ತಿದ್ದ. ಆ ಗುಣಗಳು ಅಷ್ಟೊಂದು ಒಟ್ಟೊಟ್ಟಿಗೆ ಇರುವುದು ಸಾಧ್ಯವಿರಲಿಲ್ಲ. ಮೊದಲ ನೋಟದ ಮೆಚ್ಚುಗೆಯೇ ಎಲ್ಲ ಕಡೆ ಹರಡಿತ್ತು. ತರಗತಿಯಲ್ಲೂ ಹೀಗೆಯೇ. ಹುಡುಗ ನಿರರ್ಗಳವಾಗಿ ಮಾತಾಡಿದ ಎಂದರೆ ವಿಷಯ ಸಂಗ್ರಹಕ್ಕೂ 4, ಸಹಕಾರಕ್ಕೂ 4. ಸಹಕಾರದ ಸಾಲಂತೂ ಮಂಡನೆಯ ಹೊತ್ತಿನಲ್ಲಿ ತುಂಬಲಾಗದ ಸಾಲು. ಬಾಟಲಿ ಯಾರು ಹಿಡಿದರು, ಗಡಿಯಾರ ಯಾರು ನೋಡಿದರು, ಯಾರನ್ನು ಹತ್ತಿರ ಬಿಟ್ಟುಕೊಳ್ಳಲಿಲ್ಲ, ಚಾರ್ಟ್ ಬರೆಯುವ ಕೆಲಸ ಹುಡುಗಿಯರಿಗೂ ಮಾತಾಡುವ ಕೆಲಸ ಹುಡುಗರಿಗೂ ಹೇಗೆ ಹಂಚಿಹೋಯಿತು, ಇವೆಲ್ಲ ನಡೆದದ್ದು ಹಿಂದಿನ ಮೂರು ದಿನಗಳಲ್ಲಿ. ಮಂಡನೆಯ ದಿನ ಎಲ್ಲರೂ ಸಾಲಾಗಿ ನಿಂತದ್ದಷ್ಟೇ ಶಿಕ್ಷಕರಿಗೆ ಕಾಣುವುದು. ಕಾಣದ್ದಕ್ಕೆ ಅಂಕ ಕೊಡಬಾರದು ಎಂಬುದು ಒಳ್ಳೆಯ ರೂಬ್ರಿಕ್ಸಿನ ಮೊದಲ ನಿಯಮವಾಗಬೇಕು. ಪರಿಸರ ಕಾಳಜಿ ಎಂಬ ಸಾಲಿಗೂ ಇದೇ ಮಾತು ಅನ್ವಯಿಸುತ್ತದೆ. ಕಾಳಜಿಗೆ 5 ಅಂಕ ಎಂದು ಬರೆದರೆ ಮಕ್ಕಳು ಕೊನೆಯಲ್ಲಿ ಒಂದು ಪ್ರತಿಜ್ಞೆ ಹೇಳುತ್ತಾರೆ. ಪ್ರತಿಜ್ಞೆಯಿಂದ ಕಾಳಜಿ ಇದೆಯೋ ಇಲ್ಲವೋ ತಿಳಿಯುವುದಿಲ್ಲ, ಪ್ರತಿಜ್ಞೆಗೆ ಅಂಕವಿದೆ ಎಂಬುದು ಮಕ್ಕಳಿಗೆ ತಿಳಿದಿದೆ ಎಂದಷ್ಟೇ ತಿಳಿಯುತ್ತದೆ.

ಹಾಗಾದರೆ ಏನಿರಬೇಕು? ನಾಲ್ಕೇ ಸಾಲು ಸಾಕು, ಆದರೆ ತೂಕ ಬೇರೆ. ಮೊದಲನೆಯದು ಸಾಕ್ಷ್ಯ, 6 ಅಂಕ. ಮಕ್ಕಳು ತಾವೇ ಅಳೆದು, ಎಣಿಸಿ ಅಥವಾ ಕೇಳಿ ತಿಳಿದು, ಎಲ್ಲಿ, ಯಾವಾಗ, ಯಾವುದರಿಂದ ಎಂದು ಬರೆದಿಟ್ಟು, ಒಂದಕ್ಕಿಂತ ಹೆಚ್ಚು ಸಲ ನೋಡಿದ್ದರೆ 6. ತಾವೇ ನೋಡಿದ್ದಾರೆ, ಆದರೆ ಒಂದೇ ಸಲ, ಅಥವಾ ಬರೆದಿಟ್ಟದ್ದು ಅರ್ಧಂಬರ್ಧ ಎಂದಾದರೆ 4. ಪುಸ್ತಕದಿಂದಲೋ ಮೊಬೈಲಿನಿಂದಲೋ ತೆಗೆದದ್ದು, ಎಲ್ಲಿಂದ ಎಂದು ಹೇಳಬಲ್ಲರು ಎಂದಾದರೆ 2. ಎಲ್ಲಿಂದ ಬಂತೆಂದೇ ಗೊತ್ತಿಲ್ಲದಿದ್ದರೆ ಸೊನ್ನೆ. ಎರಡನೆಯ ಸಾಲು ಸಾಕ್ಷ್ಯಕ್ಕೂ ತೀರ್ಮಾನಕ್ಕೂ ಇರುವ ಹೊಂದಿಕೆ, ಇದಕ್ಕೂ 6. ತೀರ್ಮಾನ ಸಾಕ್ಷ್ಯ ಹೋಗುವಷ್ಟೇ ದೂರ ಹೋಗಿ, ಎಲ್ಲಿ ನಿಲ್ಲಬೇಕು ಎಂಬುದನ್ನೂ ಹೇಳಿದರೆ 6. ಹೊಂದಿಕೆಯಿದೆ, ಮಿತಿಯನ್ನು ಹೇಳಿಲ್ಲ ಎಂದರೆ 4. ಸಾಕ್ಷ್ಯ ಒಂದು ಕಡೆ, ತೀರ್ಮಾನ ಇನ್ನೊಂದು ಕಡೆ ಎಂದಾದರೆ 2. ಬರೀ ಘೋಷಣೆಯಾದರೆ ಸೊನ್ನೆ. ಮೂರನೆಯದು ಕೂತವರಿಗೆ ತಿಳಿಯುವಂತೆ ಹೇಳುವುದು, ಚಾರ್ಟು, ದನಿ ಎಲ್ಲ ಸೇರಿ 2 ಅಂಕ. ಈ ಮೂರು ಸಾಲುಗಳ 14 ಅಂಕ ಇಡೀ ಗುಂಪಿಗೆ ಒಂದೇ. ಉಳಿದ 6 ಅಂಕ ನಾಲ್ಕನೆಯ ಸಾಲಿನದ್ದು, ಒಬ್ಬೊಬ್ಬ ಮಗುವಿಗೂ ಬೇರೆ ಬೇರೆ. ಮಂಡನೆ ಮುಗಿದ ಮೇಲೆ ಶಿಕ್ಷಕರು ಪ್ರತಿ ಮಗುವಿಗೂ ಆ ಮಗು ಮಾತಾಡದ ಭಾಗದಿಂದ ಒಂದು ಪ್ರಶ್ನೆ ಕೇಳುತ್ತಾರೆ. ಏನು ಮಾಡಿದೆವು, ಏಕೆ ಹಾಗೆ ಮಾಡಿದೆವು ಎರಡನ್ನೂ ಹೇಳಿದರೆ 6, ಏನು ಎಂಬುದನ್ನು ಮಾತ್ರ ಹೇಳಿದರೆ 4, ತನ್ನ ಪಾಲಿನದ್ದಷ್ಟೇ ಗೊತ್ತಿದ್ದರೆ 2. ಈ ಹಾಳೆಯಲ್ಲಿ ಅತ್ಯುತ್ತಮ, ಉತ್ತಮ ಎಂಬ ಪದಗಳು ಎಲ್ಲೂ ಇಲ್ಲ ಎಂಬುದನ್ನು ಗಮನಿಸಬೇಕು. ಪ್ರತಿ ಮಟ್ಟದಲ್ಲೂ ಇರುವುದು ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಸಂಗತಿ.

ಈಗ ಅದೇ ಎರಡು ಗುಂಪುಗಳನ್ನು ಮತ್ತೆ ಕರೆಯೋಣ. ಮೊದಲ ಗುಂಪಿನ ಶೇ. 97 ಎಂಬ ಸಂಖ್ಯೆ ಸರಿಯಾದದ್ದೇ. ಎಲ್ಲಿ ಸಿಕ್ಕಿತು ಎಂದರೆ ಪಾಠದ ಪುಸ್ತಕದಲ್ಲಿ ಎನ್ನುತ್ತಾರೆ, ಸಾಕ್ಷ್ಯಕ್ಕೆ 2. ಆದರೆ ಸಮುದ್ರದ ನೀರು ಉಪ್ಪು ಎಂಬುದರಿಂದ ನಮ್ಮ ಶಾಲೆಯ ನಲ್ಲಿ ಬಿಗಿಯಾಗಿ ಮುಚ್ಚಬೇಕು ಎಂಬ ತೀರ್ಮಾನಕ್ಕೆ ಹೋಗಲು ನಡುವೆ ಒಂದು ಮೆಟ್ಟಿಲೂ ಇಲ್ಲ, ಹೊಂದಿಕೆಗೆ 2. ಮಂಡನೆಗೆ ಪೂರ್ತಿ 2. ಗುಂಪಿನ ಲೆಕ್ಕ 14ಕ್ಕೆ 6. ಎರಡನೇ ಗುಂಪಿನ ಹಾಳೆಗಳಲ್ಲಿ ದಿನ, ಹೊತ್ತು, ನಲ್ಲಿ, ಬಾಟಲಿಯ ಅಳತೆ ಎಲ್ಲ ಇವೆ, ಸಾಕ್ಷ್ಯಕ್ಕೆ 6. ದಿನಕ್ಕೆ 36 ಲೀಟರ್ ಎಂಬ ತೀರ್ಮಾನ ಗುಣಾಕಾರದ ಪ್ರಕಾರ ಸರಿ. ಆದರೆ ಇಪ್ಪತ್ನಾಲ್ಕು ಗಂಟೆಯೂ ಟ್ಯಾಂಕಿನಲ್ಲಿ ನೀರಿರುತ್ತದೆ, ಹನಿ ಒಂದೇ ವೇಗದಲ್ಲಿ ಬೀಳುತ್ತದೆ ಎಂಬ ಎರಡು ಊಹೆಗಳು ಅದರೊಳಗೆ ಅಡಗಿವೆ. ಶಾಲೆ ನಡೆಯುವ ಏಳು ಗಂಟೆಗೆ ಮಾತ್ರ ಲೆಕ್ಕ ಹಿಡಿದರೆ ಅದು ಹತ್ತೂವರೆ ಲೀಟರ್. ಮಕ್ಕಳು ಇದನ್ನು ತಾವಾಗಿ ಹೇಳಲಿಲ್ಲ, ಆದ್ದರಿಂದ ಹೊಂದಿಕೆಗೆ 4. ಮಂಡನೆಗೆ 1. ಒಟ್ಟು 11. ಆಮೇಲೆ ತಲೆ ಎತ್ತದ ಹುಡುಗಿಯ ಸರದಿ. ಬುಧವಾರ ಮಾತ್ರ 280 ಏಕೆ ಬಂತಮ್ಮ ಎಂದು ಕೇಳಿದರೆ, ಅವತ್ತು ನಾವು ಅಳೆಯೋಕೆ ಮುಂಚೆ ಮೋಟಾರ್ ಹಾಕಿದ್ರು ಮಿಸ್, ಟ್ಯಾಂಕ್ ತುಂಬಿತ್ತು, ಅದಕ್ಕೆ ಜೋರಾಗಿ ಬೀಳ್ತಿತ್ತು ಎನ್ನುತ್ತಾಳೆ. ತುಂಬಿದ ಟ್ಯಾಂಕಿನ ಒತ್ತಡ ಹೆಚ್ಚು ಎಂಬ ವಿಜ್ಞಾನದ ಪಾಠ ಆ ಒಂದು ವಾಕ್ಯದಲ್ಲಿದೆ. ಅವಳಿಗೆ 6, ಒಟ್ಟು 17. ಮೊದಲ ಗುಂಪಿನಲ್ಲಿ ಚೆನ್ನಾಗಿ ಮಾತಾಡಿದ ಹುಡುಗನಿಗೆ ಇನ್ನೊಂದು 4 ಸೇರಿ 10, ಚಾರ್ಟ್ ಹಿಡಿದವರಿಗೆ ಅದಕ್ಕೂ ಕಡಿಮೆ. ಮಕ್ಕಳು ಬದಲಾಗಿಲ್ಲ, ಮಂಡನೆಯೂ ಬದಲಾಗಿಲ್ಲ. ಹಾಳೆ ಕೇಳಿದ ಪ್ರಶ್ನೆ ಬದಲಾಯಿತು.

ಗುಂಪಿನ ಕೆಲಸಕ್ಕೆ ಒಬ್ಬೊಬ್ಬರ ಅಂಕ ಸೇರಿಸುವುದು ಸಹಕಾರದ ಬುಡಕ್ಕೇ ಕೊಡಲಿ ಎಂಬ ಆಕ್ಷೇಪ ಇಲ್ಲಿ ಬರುತ್ತದೆ. ಒಟ್ಟಿಗೆ ದುಡಿಯಿರಿ ಎಂದು ಹೇಳಿ ಕೊನೆಗೆ ಬಿಡಿಬಿಡಿಯಾಗಿ ಅಳೆದರೆ ಮಕ್ಕಳು ಪೈಪೋಟಿಗೆ ಇಳಿಯುವುದಿಲ್ಲವೇ? ಈ ಭಯ ಸಹಜ, ಆದರೆ ಸಂಶೋಧನೆ ಬೇರೆಯದನ್ನು ಹೇಳುತ್ತದೆ. ಬಿಬ್ ಲಟಾನೆ ಮತ್ತು ಜೊತೆಗಾರರು 1979ರಲ್ಲಿ ಜನರನ್ನು ಒಂಟಿಯಾಗಿಯೂ ಗುಂಪಿನಲ್ಲೂ ಚಪ್ಪಾಳೆ ತಟ್ಟಲು, ಕೂಗಲು ಹೇಳಿ ಸದ್ದನ್ನು ಅಳೆದರು. ಗುಂಪು ದೊಡ್ಡದಾದಷ್ಟೂ ಒಬ್ಬೊಬ್ಬರ ಸದ್ದು ಇಳಿಯಿತು. ಎರಡು ವರ್ಷಗಳ ನಂತರದ ಪ್ರಯೋಗದಲ್ಲಿ, ತಮ್ಮ ಪಾಲು ಬೇರೆಯಾಗಿ ಗುರುತಿಗೆ ಸಿಗುತ್ತದೆ ಎಂದು ತಿಳಿದಾಗ ಆ ಇಳಿಕೆ ಕಾಣಲಿಲ್ಲ. ಸಹಕಾರಿ ಕಲಿಕೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದ ರಾಬರ್ಟ್ ಸ್ಲಾವಿನ್ ಕೂಡ, ಇಡೀ ಗುಂಪಿಗೊಂದು ಗುರಿಯೂ ಪ್ರತಿಯೊಬ್ಬರ ಮೇಲೆ ಹೊಣೆಯೂ ಎರಡೂ ಇದ್ದಾಗಲೇ ಗುಂಪು ಕಲಿಕೆ ಫಲ ಕೊಡುತ್ತದೆ ಎಂಬ ನಿಲುವಿಗೆ ಬಂದರು. ನಾಲ್ಕನೆಯ ಸಾಲಿನ ಗುಟ್ಟು ಇದೇ. ಪ್ರಶ್ನೆ ಬರುವುದು ಮಗು ಮಾತಾಡದ ಭಾಗದಿಂದ. ಹಾಗಾಗಿ ಗಡಿಯಾರ ನೋಡಿದವನು ಬಾಟಲಿ ಹಿಡಿದವಳಿಂದ ಕೇಳಿ ತಿಳಿಯಲೇಬೇಕು, ಲೆಕ್ಕ ಮಾಡಿದವನು ಉಳಿದವರಿಗೆ ಬಿಡಿಸಿ ಹೇಳಲೇಬೇಕು. ಒಬ್ಬರಿಗೊಬ್ಬರು ಕಲಿಸುವುದೇ ಅಲ್ಲಿ ಸಹಕಾರ, ಅದರ ಗುರುತು ಮಕ್ಕಳ ಉತ್ತರದಲ್ಲಿ ಸಿಗುತ್ತದೆ. ಸಹಕಾರ ಎಂಬ ಸಾಲು ತೆಗೆದು ಹಾಕಿದ್ದೇವೆ, ಆದರೆ ಸಹಕಾರಕ್ಕೆ ಕಾರಣ ಉಳಿಸಿದ್ದೇವೆ.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಎದ್ದು ನಿಂತು ಉತ್ತರಿಸಲು ಹೆದರುವ ಮಗುವಿಗೆ, ಮನೆಯಲ್ಲಿ ಲಂಬಾಣಿಯನ್ನೋ ತುಳುವನ್ನೋ ಉರ್ದುವನ್ನೋ ಆಡುವ ಮಗುವಿಗೆ ಮೌಖಿಕ ಪ್ರಶ್ನೆ ಹೊಸ ಶಿಕ್ಷೆಯಾಗುವುದಿಲ್ಲವೇ? ಎಲ್ಲರ ಮುಂದೆ, ಪುಸ್ತಕದ ಕನ್ನಡದಲ್ಲಿ, ಒಂದೇ ಉಸಿರಿಗೆ ಉತ್ತರ ಬೇಕು ಎಂದರೆ ಖಂಡಿತ ಆಗುತ್ತದೆ. ಆದರೆ ಹಾಗೆ ಕೇಳಬೇಕೆಂದೇನಿಲ್ಲ. ಪ್ರಶ್ನೆಯನ್ನು ಮೇಜಿನ ಹತ್ತಿರ ಕರೆದು ಕೇಳಬಹುದು. ಉತ್ತರ ಆಡುಮಾತಿನಲ್ಲಿರಬಹುದು, ಮನೆಮಾತಿನಲ್ಲಿ ಹೇಳಿದ್ದನ್ನು ಗೆಳತಿ ಕನ್ನಡಕ್ಕೆ ತಿರುಗಿಸಬಹುದು, ಅಥವಾ ಮಗು ನಲ್ಲಿಯ ಹತ್ತಿರ ಹೋಗಿ ಬಾಟಲಿ ಹಿಡಿದು ತೋರಿಸಬಹುದು. ನಾಲ್ಕನೆಯ ಸಾಲು ಅಳೆಯುವುದು ಕಾರಣ ಗೊತ್ತಿದೆಯೇ ಎಂಬುದನ್ನು. ಭಾಷೆಗೆ ಅಲ್ಲಿ ಅಂಕವಿಲ್ಲ. ಹಳೆಯ ಹಾಳೆ 5 ಅಂಕ ಭಾಷೆಗೆ ಮೀಸಲಿಟ್ಟು, ಉಳಿದ ಸಾಲುಗಳಿಗೂ ಅದರ ಪ್ರಭಾವ ಹರಿಯಲು ಬಿಟ್ಟು, ಇದೇ ಮಕ್ಕಳನ್ನು ಮೌನವಾಗಿ ಹಿಂದಕ್ಕೆ ತಳ್ಳುತ್ತಿತ್ತು. ಆ ಶಿಕ್ಷೆ ಕಾಣುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಎಲ್ಲ ವಿಷಯವನ್ನೂ ಬಾಟಲಿಯಲ್ಲಿ ಅಳೆಯಲಾಗುತ್ತದೆಯೇ ಎಂಬ ಪ್ರಶ್ನೆಯೂ ನ್ಯಾಯವಾದದ್ದು. ಊರ ಕೆರೆ ಮೊದಲು ಹೇಗಿತ್ತು ಎಂದು ಹುಡುಕಲು ಹೊರಟ ಗುಂಪಿಗೆ ಮಿಲಿಲೀಟರ್ ಸಿಗುವುದಿಲ್ಲ, ಹಿರಿಯರ ಮಾತು ಸಿಗುತ್ತದೆ. ಆದರೆ ಸಾಕ್ಷ್ಯದ ಸಾಲು ಅಲ್ಲೂ ಹಾಗೆಯೇ ನಿಲ್ಲುತ್ತದೆ. ಎಷ್ಟು ಜನರನ್ನು ಕೇಳಿದಿರಿ, ಅವರು ಕೆರೆಯ ಹತ್ತಿರದವರೇ, ಯಾವ ಕಾಲದ ಮಾತು ಹೇಳಿದರು, ಹೇಳಿದ್ದನ್ನು ಆಗಲೇ ಬರೆದುಕೊಂಡಿರಾ? ಕೆರೆ ಪ್ರತಿ ವರ್ಷ ಕೋಡಿ ಬೀಳುತ್ತಿತ್ತು ಎಂದು ಇಬ್ಬರು ಅಜ್ಜಂದಿರು ಹೇಳಿ, ಇಲ್ಲ, ಮಳೆ ಜೋರಾದ ವರ್ಷ ಮಾತ್ರ ಎಂದು ಒಬ್ಬ ಅಜ್ಜಿ ಹೇಳಿದರೆ, ಮೂರನ್ನೂ ಮುಂದಿಟ್ಟ ಗುಂಪಿಗೆ ಹೊಂದಿಕೆಯ ಸಾಲಿನಲ್ಲಿ 6 ಸಿಗಬೇಕು. ಅಜ್ಜಿಯ ಮಾತನ್ನು ಬಿಟ್ಟು ಕಥೆ ನೇರ ಮಾಡಿದ ಗುಂಪಿಗೆ ಸಿಗಬಾರದು. ಅಮೆರಿಕದ ಆಲ್ಫೀ ಕೋನ್ 2006ರಲ್ಲಿ ಬರೆದ ಲೇಖನವೊಂದರಲ್ಲಿ ರೂಬ್ರಿಕ್ಸ್ ಬೋಧನೆಯನ್ನೂ ಯೋಚನೆಯನ್ನೂ ಒಂದೇ ಅಚ್ಚಿಗೆ ಇಳಿಸುತ್ತದೆ ಎಂದು ದೂರಿದ್ದರು. ಚಾರ್ಟಿನ ಗಾತ್ರ, ಚಿತ್ರಗಳ ಸಂಖ್ಯೆ, ಘೋಷಣೆ ಇದೆಯೇ ಎಂದು ಕೇಳುವ ಹಾಳೆಗಳ ಮಟ್ಟಿಗೆ ಅವರ ಮಾತು ನಿಜ. ಅವು ಉತ್ತರದ ಆಕಾರವನ್ನೇ ಹೇಳಿಕೊಟ್ಟುಬಿಡುತ್ತವೆ. ನಿನಗೆ ಇದು ಹೇಗೆ ಗೊತ್ತಾಯಿತು ಎಂದು ಕೇಳುವ ಹಾಳೆ ಆಕಾರವನ್ನು ಮಕ್ಕಳಿಗೇ ಬಿಡುತ್ತದೆ. ಹಾಡಿನಲ್ಲಿ ಹೇಳಲಿ, ನಾಟಕ ಆಡಲಿ, ನೆಲದ ಮೇಲೆ ಸೀಮೆಸುಣ್ಣದಲ್ಲಿ ನಕ್ಷೆ ಬರೆಯಲಿ, ಪ್ರಶ್ನೆ ಒಂದೇ.

ಸಮಯದ ಮಾತು ಉಳಿಯಿತು. ಐವರ ಗುಂಪಿಗೆ ಮಂಡನೆಗೆ ಆರು ನಿಮಿಷ, ಮಗುವಿಗೊಂದು ನಿಮಿಷದಂತೆ ಪ್ರಶ್ನೆಗೆ ಐದು ನಿಮಿಷ, ಒಟ್ಟು ಹನ್ನೊಂದು. ನಲವತ್ತು ನಿಮಿಷದ ಅವಧಿಯಲ್ಲಿ ಮೂರು ಗುಂಪು. ಮೂವತ್ತೈದು ಮಕ್ಕಳ ತರಗತಿಯಲ್ಲಿ ಏಳು ಗುಂಪಿಗೆ ಮೂರು ಅವಧಿ ಬೇಕು. ಪ್ರತಿ ಪಾಠಕ್ಕೂ ಇದು ಸಾಧ್ಯವಿಲ್ಲ, ಬೇಕಾಗಿಯೂ ಇಲ್ಲ. ಅರ್ಧವರ್ಷಕ್ಕೆ ಒಂದು ಯೋಜನೆ ಹೀಗೆ ನಡೆದರೆ ಸಾಕು. ಉಳಿದ ರೂಪಣಾತ್ಮಕ ಚಟುವಟಿಕೆಗಳು ಹಗುರವಾಗಿರಲಿ. ಹಾಳೆ ಸರಿಯಾಗಿ ಕೆಲಸ ಮಾಡುತ್ತಿದೆಯೇ ಎಂದು ತಿಳಿಯಲೂ ಹೆಚ್ಚು ಹೊತ್ತು ಬೇಡ. ಒಂದು ಗುಂಪಿನ ಮಂಡನೆಯನ್ನು ಇಬ್ಬರು ಶಿಕ್ಷಕರು ಕೂತು, ಮಾತಾಡಿಕೊಳ್ಳದೆ ಅಂಕ ಹಾಕಲಿ. ಯಾವುದಾದರೂ ಸಾಲಿನಲ್ಲಿ ಒಂದು ಮಟ್ಟಕ್ಕಿಂತ ಹೆಚ್ಚು ಅಂತರ ಬಂದರೆ ಆ ಸಾಲಿನ ಮಾತು ಮಸುಕಾಗಿದೆ ಎಂದರ್ಥ, ಅದನ್ನು ತಿದ್ದಬೇಕು. ಎಲ್ಲ ಮಕ್ಕಳಿಗೂ 16ರಿಂದ 18ರೊಳಗೆ ಬಂದರೆ, ಅಥವಾ ಒಂದು ಸಾಲಿನಲ್ಲಿ ಮೇಲಿದ್ದ ಗುಂಪು ಎಲ್ಲ ಸಾಲಿನಲ್ಲೂ ಮೇಲೆಯೇ ಇದ್ದರೆ, ಥಾರ್ನ್‌ಡೈಕ್ ಕಂಡ ಹಳೆಯ ರೋಗ ಮರಳಿದೆಯೇ ಎಂದು ನೋಡಬೇಕು.

ಕೊನೆಯದಾಗಿ, ಈ ಹಾಳೆ ಮಕ್ಕಳ ಕೈಗೆ ಯಾವಾಗ ಹೋಗಬೇಕು ಎಂಬುದು ಅಂಕಗಳಷ್ಟೇ ಮುಖ್ಯ. ಇಸ್ರೇಲಿನ ರೂತ್ ಬಟ್ಲರ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಬರೀ ಟಿಪ್ಪಣಿ ಪಡೆದ ಮಕ್ಕಳು ಮುಂದಿನ ಕೆಲಸದಲ್ಲಿ ಸುಧಾರಿಸಿದರು. ಅಂಕ ಪಡೆದವರಲ್ಲಿ, ಅಂಕದ ಜೊತೆ ಟಿಪ್ಪಣಿಯನ್ನೂ ಪಡೆದವರಲ್ಲಿ ಆ ಸುಧಾರಣೆ ಕಾಣಲಿಲ್ಲ. ಸಂಖ್ಯೆ ಕಂಡ ಕೂಡಲೇ ಮಗು ಮಾತನ್ನು ಓದುವುದನ್ನು ಬಿಡುತ್ತದೆ ಎಂದು ಇದನ್ನು ಅರ್ಥಮಾಡಿಕೊಳ್ಳಬಹುದು. ಆದ್ದರಿಂದ ಯೋಜನೆ ಕೊಡುವ ದಿನವೇ ನಾಲ್ಕು ಸಾಲುಗಳನ್ನು ಕರಿಹಲಗೆಯ ಮೇಲೆ ಬರೆಯಬೇಕು. ಮಂಡನೆಯ ದಿನ ಮಕ್ಕಳಿಗೆ ಸಿಗಬೇಕಾದದ್ದು ಯಾವ ಸಾಲಿನಲ್ಲಿ ಎಲ್ಲಿದ್ದೀರಿ, ಮೇಲಿನ ಮಟ್ಟಕ್ಕೆ ಏನು ಬೇಕು ಎಂಬ ಮಾತು. ವಾರ ಬಿಟ್ಟು, ತಿದ್ದಿಕೊಂಡು ಬಂದ ಮೇಲೆ ಅಂಕ. ಎರಡನೇ ಗುಂಪು ಆ ವಾರದಲ್ಲಿ ಏನು ಮಾಡಬಹುದೆಂದು ಯೋಚಿಸಿದರೆ ಹಾಳೆಯ ಬೆಲೆ ತಿಳಿಯುತ್ತದೆ. ಸಂಜೆ ಶಾಲೆ ಬಿಡುವಾಗ ಬಕೆಟ್ ಇಟ್ಟು ಹೋಗಿ ಬೆಳಿಗ್ಗೆ ನೋಡಬಹುದು. ಬಕೆಟ್ಟಿನಲ್ಲಿ ಲೆಕ್ಕಕ್ಕಿಂತ ಕಡಿಮೆ ನೀರಿದ್ದರೆ, ರಾತ್ರಿ ಟ್ಯಾಂಕ್ ಖಾಲಿಯಾಗಿತ್ತೇ ಎಂದು ಮುಖ್ಯಶಿಕ್ಷಕರನ್ನು ಕೇಳಬಹುದು. ಮೂರು ನಲ್ಲಿಗಳ ವಾಷರ್ ಬದಲಿಸಿದ ಮೇಲೆ ಮತ್ತೆ ಹತ್ತು ನಿಮಿಷ ಬಾಟಲಿ ಹಿಡಿಯಬಹುದು. ಆಗ ಅವರ ಹಾಳೆಯಲ್ಲಿ 36 ಎಂಬ ಸಂಖ್ಯೆ ಹೊಡೆದುಹಾಕಿ ಪಕ್ಕದಲ್ಲಿ ಇನ್ನೊಂದು ಸಂಖ್ಯೆ ಬರೆದಿರುತ್ತದೆ. ಚಾರ್ಟ್ ನೋಡುವ ರೂಬ್ರಿಕ್ಸ್ ಆ ಕಾಟನ್ನು ಕಂಡು ಅಂಕ ಕಳೆಯುತ್ತದೆ. ಸಾಕ್ಷ್ಯ ನೋಡುವ ರೂಬ್ರಿಕ್ಸ್ 4 ಇದ್ದ ಜಾಗದಲ್ಲಿ 6 ಬರೆಯುತ್ತದೆ.